ಟೀ ಶರ್ಟಿನ ಮೇಲೆ ಒಂದು ಹೆಸರು, ಪೇ ಸ್ಲಿಪ್ಪಿನಲ್ಲಿ ಇನ್ನೊಂದು: ಮೂರು ತಿಂಗಳ ಬಾಕಿ ಸಂಬಳದ ದೂರುಪತ್ರ

ನೆಲಮಂಗಲದಿಂದ ದಾಬಸ್‌ಪೇಟೆ ಕಡೆಗೆ ತುಮಕೂರು ರಸ್ತೆ ಹಿಡಿದು ಹೋದರೆ ಎರಡೂ ಬದಿಗೆ ದೊಡ್ಡ ದೊಡ್ಡ ಗೋದಾಮುಗಳು ಸಿಗುತ್ತವೆ. ಅಂಥ ಒಂದು ಗೋದಾಮಿನಲ್ಲಿ ಪಿಕ್ಕರ್ ಆಗಿದ್ದವರೊಬ್ಬರಿಗೆ 2024ರ ಏಪ್ರಿಲ್, ಮೇ, ಜೂನ್ ಮೂರೂ ತಿಂಗಳ ಸಂಬಳ ಬಂದಿರಲಿಲ್ಲ. ಪಿಕ್ಕರ್ ಎಂದರೆ ಕೈಯಲ್ಲಿ ಸ್ಕ್ಯಾನರ್ ಹಿಡಿದು, ರ‍್ಯಾಕುಗಳ ನಡುವೆ ನಡೆದು, ಆರ್ಡರಿಗೆ ತಕ್ಕ ಮಾಲನ್ನು ಎತ್ತಿ ಟ್ರಾಲಿಗೆ ಹಾಕುವವರು. ಸಿಂಧನೂರು ಕಡೆಯವರು, ಮದುವೆಯಾಗಿಲ್ಲ, ಇನ್ನೂ ಮೂವರ ಜೊತೆ ಒಂದು ರೂಮಿನಲ್ಲಿ ಬಾಡಿಗೆಗಿದ್ದರು. ಅವರ ಹೆಸರನ್ನಾಗಲಿ ಕಂಪನಿಗಳ ಹೆಸರನ್ನಾಗಲಿ ಇಲ್ಲಿ ಹಾಕುವುದಿಲ್ಲ. ಗುರುತು ಸಿಗದಿರಲೆಂದು ಒಂದೆರಡು ವಿವರಗಳನ್ನೂ ಬದಲಿಸಿದ್ದೇನೆ. ಕಾರ್ಮಿಕರಿಗೆ ಅರ್ಜಿ, ಪತ್ರ ಬರೆದುಕೊಡುವುದು ನನ್ನ ನಿತ್ಯದ ಕೆಲಸ. ಸಂಬಳ ಬಾಕಿಯ ಪತ್ರಗಳು ಬೇಕಾದಷ್ಟು ಬರುತ್ತವೆ. ಇದನ್ನೇ ಆರಿಸಿಕೊಂಡದ್ದು ಯಾಕೆಂದರೆ, ಇವರ ಮೊದಲ ಪತ್ರಕ್ಕೂ ಕೊನೆಗೆ ಹೋದ ಪತ್ರಕ್ಕೂ ಇರುವ ವ್ಯತ್ಯಾಸದಲ್ಲಿಯೇ ಇಂಥ ಪ್ರಕರಣಗಳು ಎಲ್ಲಿ ಕೆಡುತ್ತವೆ ಎಂಬುದು ಕಾಣುತ್ತದೆ.

ಅವರು ನನ್ನ ಬಳಿ ಬಂದಾಗ ಒಂದು ಪತ್ರ ಬರೆದುಕೊಂಡೇ ಬಂದಿದ್ದರು. ರೂಲ್ಡ್ ಹಾಳೆ, ಎರಡು ಪುಟ, ನೀಟಾದ ಅಕ್ಷರ. ತಾಯಿಯ ಕಾಯಿಲೆ, ಊರಿನ ಸಾಲ, ರೂಮಿನ ಓನರ್ ಬೈದದ್ದು, ಸೂಪರ್‌ವೈಸರ್ ಕೆಟ್ಟ ಮಾತಾಡಿದ್ದು, ಓವರ್‌ಟೈಮ್ ದುಡ್ಡು ಕೊಡದೇ ಇದ್ದದ್ದು, ಕ್ಯಾಂಟೀನ್ ಊಟದಲ್ಲಿ ಹುಳ ಸಿಕ್ಕಿದ್ದು, ಎಲ್ಲವೂ ಇತ್ತು. ಸಂಬಳದ ಮಾತು ಎರಡನೇ ಪುಟದ ಕೆಳಗೆ: ‘ಸುಮಾರು ಐವತ್ತು ಸಾವಿರ ಬರಬೇಕು, ದಯವಿಟ್ಟು ಬೇಗ ಹಾಕಿಸಿಕೊಡಿ.’ ಮೇಲೆ ‘ಎಚ್‌ಆರ್ ಮ್ಯಾನೇಜರ್’ ಎಂದು ಬರೆದು, ಕೆಳಗೆ ಎಲ್ಲರಿಗೂ ಗೊತ್ತಿರುವ ಒಂದು ಬ್ರ್ಯಾಂಡಿನ ಹೆಸರು ಹಾಕಿದ್ದರು. ಅದೇ ಹೆಸರು ಅವರ ಟೀ ಶರ್ಟಿನ ಮೇಲೂ ಇತ್ತು.

‘ಈ ಕಂಪನಿಯವರೇ ಸಂಬಳ ಕೊಡ್ತಾರಾ?’ ಎಂದು ಕೇಳಿದೆ.

‘ಅವ್ರದ್ದೇ ಮಾಲಲ್ರೀ ಸರ. ನಮ್ಮ ಎಚ್‌ಆರ್ ಮೇಡಂ ಬ್ಯಾರೆ ಆಫೀಸಿನ್ಯಾಗ ಕುಂದರ್ತಾರ. ಕೇಳಿದಾಗೆಲ್ಲ ಬರೋ ಸೋಮವಾರ ಅಂತಾರ್ರಿ.’

ಆ ಮೇಡಂ ಯಾವ ಕಂಪನಿಯ ಎಚ್‌ಆರ್ ಎಂಬುದು ಅವರಿಗೆ ಗೊತ್ತಿರಲಿಲ್ಲ. ಅವರೊಬ್ಬರಿಗೇ ಅಲ್ಲ, ಆ ಶಿಫ್ಟಿನಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ.

ಮಾಲೀಕ ಯಾರು ಎಂದು ಹುಡುಕಿದ್ದು

ಇಂಥ ಗೋದಾಮಿನಲ್ಲಿ ಸಾಮಾನ್ಯವಾಗಿ ಮೂರು ಪದರ ಇರುತ್ತದೆ. ಮಾಲು ಒಂದು ಬ್ರ್ಯಾಂಡಿನದು. ಆ ಮಾಲನ್ನು ಇಟ್ಟುಕೊಂಡು, ಎತ್ತಿ, ಪ್ಯಾಕ್ ಮಾಡಿ ಕಳಿಸುವ ಜವಾಬ್ದಾರಿ ಗೋದಾಮು ನಡೆಸುವ ಲಾಜಿಸ್ಟಿಕ್ಸ್ ಕಂಪನಿಯದು. ಆ ಕಂಪನಿಗೆ ಆಳುಗಳನ್ನು ಒದಗಿಸುವುದು ಲೇಬರ್ ಕಾಂಟ್ರ್ಯಾಕ್ಟರ್. ಈಗ ಇವರನ್ನು ‘ವೆಂಡರ್’ ಎನ್ನುತ್ತಾರೆ. ಕೆಲಸ ಹೇಳುವವರು ಎರಡನೆಯವರು, ಸಂಬಳ ಹಾಕುವವರು ಮೂರನೆಯವರು, ಕಾರ್ಮಿಕನ ಕಣ್ಣಿಗೆ ಬೀಳುವ ಹೆಸರು ಮೊದಲನೆಯವರದು. ಬ್ರ್ಯಾಂಡಿನ ಹೆಸರಿಗೆ ಪತ್ರ ಬರೆದರೆ ‘ಇವರು ನಮ್ಮ ನೌಕರರಲ್ಲ’ ಎಂಬ ಒಂದು ಸಾಲಿನ ಉತ್ತರ ಬರುತ್ತದೆ, ಅದು ನಿಜವೂ ಹೌದು. ಅಷ್ಟರಲ್ಲಿ ಇನ್ನೊಂದು ತಿಂಗಳು ಕಳೆದಿರುತ್ತದೆ.

ನಮಗೆ ದಾರಿ ತೋರಿಸಿದ್ದು ಎರಡು ಕಾಗದ. ಒಂದು, ವಾಟ್ಸಾಪಿನಲ್ಲಿ ಉಳಿದಿದ್ದ ಮಾರ್ಚ್ ತಿಂಗಳ ಪೇ ಸ್ಲಿಪ್. ಅದರ ತಲೆಯ ಮೇಲೆ ಕಾಂಟ್ರ್ಯಾಕ್ಟರ್ ಸಂಸ್ಥೆಯ ಹೆಸರು, ಕೆಳಗೆ ಸಣ್ಣ ಅಕ್ಷರದಲ್ಲಿ ‘ಕ್ಲೈಂಟ್’ ಎಂಬ ಕಡೆ ಲಾಜಿಸ್ಟಿಕ್ಸ್ ಕಂಪನಿಯ ಹೆಸರು. ಇನ್ನೊಂದು ಪಿಎಫ್ ಪಾಸ್‌ಬುಕ್. ಪಿಎಫ್ ಸದಸ್ಯರಿಗೆ ಕೊಡುವ ಖಾಯಂ ಸಂಖ್ಯೆಯಾದ ಯುಎಎನ್ ಹಾಕಿ ತೆರೆದರೆ ವಂತಿಗೆ ಕಟ್ಟುವ ಸಂಸ್ಥೆಯ ಹೆಸರು ಅದರಲ್ಲೇ ಬರುತ್ತದೆ. ಎರಡರಲ್ಲೂ ಕಾಂಟ್ರ್ಯಾಕ್ಟರ್ ಹೆಸರು ಒಂದೇ ಇತ್ತು. ಐಡಿ ಕಾರ್ಡು, ಸಮವಸ್ತ್ರ, ಗೇಟಿನ ಬೋರ್ಡು ಇವು ಯಾವುದನ್ನೂ ನಂಬಬೇಡಿ. ಪಿಎಫ್ ಕಟ್ಟುವವರು ಯಾರು ಎಂದು ನೋಡಿ.

ಪಾಸ್‌ಬುಕ್ ತೆರೆದಾಗ ಇನ್ನೊಂದು ಸಂಗತಿ ಸಿಕ್ಕಿತು. ಏಪ್ರಿಲ್ ತಿಂಗಳ ಸಂಬಳಕ್ಕೆ ಕಾರ್ಮಿಕನ ಪಾಲು ₹1,680 ಮೇ ತಿಂಗಳ ನಡುವಿನಲ್ಲಿ ಜಮೆಯಾಗಿತ್ತು. ಮೇ ಮತ್ತು ಜೂನ್ ತಿಂಗಳದ್ದು ಇರಲಿಲ್ಲ. ಅಂದರೆ ಏಪ್ರಿಲ್ ಸಂಬಳ ಕೈಗೆ ಬಂದಿಲ್ಲ, ಆದರೆ ಆ ಸಂಬಳದಿಂದ ‘ಕಡಿತವಾದ’ ಪಿಎಫ್ ವಂತಿಗೆ ಖಾತೆಗೆ ಹೋಗಿದೆ! ಹೊರಗಿನವರಿಗೆ ಇದು ವಿಚಿತ್ರ ಎನಿಸಬಹುದು. ಗುತ್ತಿಗೆ ವ್ಯವಹಾರ ಬಲ್ಲವರಿಗೆ ಕಾರಣ ಹೊಳೆಯುತ್ತದೆ. ಕಾಂಟ್ರ್ಯಾಕ್ಟರ್ ತನ್ನ ಬಿಲ್ಲಿನ ಜೊತೆ ಪಿಎಫ್, ಇಎಸ್‌ಐ ಕಟ್ಟಿದ ಚಲನ್ ಲಗತ್ತಿಸದಿದ್ದರೆ ದೊಡ್ಡ ಕಂಪನಿಗಳು ಬಿಲ್ ಪಾಸ್ ಮಾಡುವುದಿಲ್ಲ. ಹೀಗಾಗಿ ಕೈಯಲ್ಲಿ ದುಡ್ಡು ಕಮ್ಮಿ ಇರುವಾಗ ಕಾಂಟ್ರ್ಯಾಕ್ಟರ್ ಮೊದಲು ಚಲನ್ ಕಟ್ಟುತ್ತಾನೆ, ಸಂಬಳವನ್ನು ತಡೆಯುತ್ತಾನೆ. ಏಪ್ರಿಲ್ ಚಲನ್ ಕಟ್ಟಿದ್ದಾರೆ ಎಂದರೆ ಏಪ್ರಿಲ್ ಹಾಜರಿಯನ್ನು ಅವರೇ ಲೆಕ್ಕ ಹಾಕಿ ಒಪ್ಪಿದ್ದಾರೆ, ಬಿಲ್ಲನ್ನೂ ಬಹುಶಃ ಕೊಟ್ಟಿದ್ದಾರೆ. ‘ಹಾಜರಿ ವೆರಿಫೈ ಆಗಬೇಕು’ ಎಂಬ ನೆಪಕ್ಕೆ ಆ ತಿಂಗಳ ಮಟ್ಟಿಗಂತೂ ಇನ್ನು ಜಾಗವಿಲ್ಲ.

ಎಚ್‌ಆರ್ ಮೇಡಂ ಪ್ರತಿ ಸಲ ಹೇಳುತ್ತಿದ್ದದ್ದು, ‘ಕ್ಲೈಂಟ್ ಕಡೆಯಿಂದ ಪೇಮೆಂಟ್ ಕ್ಲಿಯರ್ ಆಗಿಲ್ಲ, ಆದ ತಕ್ಷಣ ಹಾಕ್ತೀವಿ.’ ಇದು ಸುಳ್ಳೇ ಆಗಿರಬೇಕೆಂದಿಲ್ಲ. ಬಿಲ್ ನಿಜವಾಗಿಯೂ ನಿಂತಿರಬಹುದು. ಆದರೆ ಅದು ಸಂಬಳ ತಡೆಯಲು ಕಾರಣವಾಗುವುದಿಲ್ಲ. ಆಗ ಜಾರಿಯಲ್ಲಿದ್ದ 1936ರ ವೇತನ ಪಾವತಿ ಕಾಯ್ದೆಯ 5ನೇ ಕಲಂ ಪ್ರಕಾರ, ಸಾವಿರಕ್ಕಿಂತ ಕಡಿಮೆ ಜನರಿರುವ ಕಡೆ ತಿಂಗಳು ಮುಗಿದ ಏಳು ದಿನದೊಳಗೆ ಸಂಬಳ ಕೊಡಬೇಕು. ಕ್ಲೈಂಟ್ ಕೊಟ್ಟ ಮೇಲೆ ಎಂಬ ಷರತ್ತು ಅಲ್ಲಿಲ್ಲ. ಇನ್ನು ಆಗಿನ 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯ 21ನೇ ಕಲಂ ಒಂದು ಹೆಜ್ಜೆ ಮುಂದೆ ಹೋಗುತ್ತಿತ್ತು. ಕಾಂಟ್ರ್ಯಾಕ್ಟರ್ ಗಡುವಿನೊಳಗೆ ಸಂಬಳ ಕೊಡದಿದ್ದರೆ ಅಥವಾ ಕಡಿಮೆ ಕೊಟ್ಟರೆ, ಪ್ರಿನ್ಸಿಪಲ್ ಎಂಪ್ಲಾಯರ್, ಅಂದರೆ ಆ ಆಳುಗಳನ್ನು ಕೆಲಸಕ್ಕೆ ತರಿಸಿಕೊಂಡ ಮುಖ್ಯ ಮಾಲೀಕರು, ಬಾಕಿಯನ್ನು ತಾವೇ ಕೊಡಬೇಕು. ಆಮೇಲೆ ಆ ಮೊತ್ತವನ್ನು ಕಾಂಟ್ರ್ಯಾಕ್ಟರ್ ಬಿಲ್ಲಿನಲ್ಲಿ ಮುರಿದುಕೊಳ್ಳಬಹುದು. ಇಲ್ಲಿ ಮುಖ್ಯ ಮಾಲೀಕ ಎಂದರೆ ಲಾಜಿಸ್ಟಿಕ್ಸ್ ಕಂಪನಿ.

ಪತ್ರದ ಬಲವೆಲ್ಲ ಇರುವುದು ಈ ಕಲಮಿನಲ್ಲಿ. ಕಾಂಟ್ರ್ಯಾಕ್ಟರ್‌ನ ಎಚ್‌ಆರ್‌ಗೆ ಮಾತ್ರ ಬರೆದರೆ ಆ ಮೇಡಂ ಏನೂ ಮಾಡಲಾರರು. ಹಣ ಬಿಡುಗಡೆ ಮಾಡುವ ಅಧಿಕಾರ ಅವರಿಗಿಲ್ಲ, ಅವರ ಸಂಬಳವೇ ಬಂದಿದೆಯೋ ಇಲ್ಲವೋ. ಅದೇ ಪತ್ರದ ಪ್ರತಿ ಮುಖ್ಯ ಮಾಲೀಕರ ಎಚ್‌ಆರ್ ಮೇಜಿನ ಮೇಲೆ ಬಿದ್ದರೆ ಅದು ಅವರ ಕಂಪನಿಯ ಮೇಲಿನ ಹೊಣೆಯ ನೋಟಿಸ್ ಆಗುತ್ತದೆ. ಅವರ ಕೈಯಲ್ಲಿ ಕಾಂಟ್ರ್ಯಾಕ್ಟರ್ ಬಿಲ್ ಇರುತ್ತದೆ. ಕಾರ್ಮಿಕನ ಕೈಯಲ್ಲಿ ಇಲ್ಲದ ಹಿಡಿತ ಅವರ ಕೈಯಲ್ಲಿದೆ.

ಐವತ್ತು ಸಾವಿರ ಅಲ್ಲ, ₹44,407

‘ಸುಮಾರು’ ಎಂಬ ಮಾತು ಪತ್ರದಲ್ಲಿ ಇರಕೂಡದು. ಕೂತು ಲೆಕ್ಕ ಹಾಕಿದೆವು. ತಿಂಗಳ ಒಟ್ಟು ಸಂಬಳ ₹17,000. ಅದರಲ್ಲಿ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ ₹14,000. ಅದರ ಮೇಲೆ ಶೇ. 12 ಪಿಎಫ್ ₹1,680. ಒಟ್ಟು ಸಂಬಳದ ಮೇಲೆ ಶೇ. 0.75 ಇಎಸ್‌ಐ ₹128. ಕೈಗೆ ಬರುವುದು ₹15,192. ಮಾರ್ಚ್ ತಿಂಗಳಲ್ಲಿ ಬ್ಯಾಂಕಿಗೆ ಬಂದದ್ದೂ ಇಷ್ಟೇ, ಹಾಗಾಗಿ ಲೆಕ್ಕ ಸರಿಯಿದೆ ಎಂದು ಗೊತ್ತಾಯಿತು.

ಮೇ ತಿಂಗಳಲ್ಲಿ ಅವರು ಎರಡು ದಿನ ಊರಿಗೆ ಹೋಗಿದ್ದರು. ರಜೆ ಹಾಕಿರಲಿಲ್ಲ. ‘ಅದನ್ಯಾಕ ಬರೀಬೇಕ್ರೀ, ಅವ್ರಿಗೆ ನೆನಪಿರ್ತದೇನು?’ ಎಂದರು. ಬರೆಯಲೇಬೇಕು ಎಂದೆ. ಇಪ್ಪತ್ತಾರು ದಿನದ ಲೆಕ್ಕದಲ್ಲಿ ಎರಡು ದಿನಕ್ಕೆ ₹1,308 ಕಳೆದರೆ ಮೇ ತಿಂಗಳ ಒಟ್ಟು ₹15,692, ಅದಕ್ಕೆ ತಕ್ಕಂತೆ ಪಿಎಫ್ ₹1,551, ಇಎಸ್‌ಐ ₹118, ಕೈಗೆ ₹14,023. ಮೂರು ತಿಂಗಳು ಸೇರಿ ₹44,407.

ಇದರಲ್ಲಿ ಪ್ರಾಮಾಣಿಕತೆಯ ಜೊತೆಗೆ ಕಾನೂನಿನ ಲೆಕ್ಕವೂ ಇದೆ. ಸಂಬಳ ತಡವಾದದ್ದಕ್ಕೆ 1936ರ ಕಾಯ್ದೆಯಡಿ ದೂರು ಕೇಳುವ ಪ್ರಾಧಿಕಾರ ₹1,500ರಿಂದ ₹3,000ರವರೆಗೆ ಪರಿಹಾರ ಕೊಡಿಸಬಹುದಿತ್ತು. ಆದರೆ ಎಷ್ಟು ಕೊಡಬೇಕು ಎಂಬ ಬಗ್ಗೆಯೇ ಪ್ರಾಮಾಣಿಕವಾದ ತಕರಾರು ಇದ್ದು ತಡವಾಗಿದ್ದರೆ ಆ ಪರಿಹಾರ ಇಲ್ಲ. ಅದಕ್ಕಿಂತ ಮುಖ್ಯವಾಗಿ, ಮೊತ್ತದಲ್ಲಿ ಒಂದು ತಪ್ಪು ಸಿಕ್ಕರೆ ಸಾಕು, ‘ನಿಮ್ಮ ಲೆಕ್ಕ ತಪ್ಪಿದೆ, ಪರಿಶೀಲಿಸುತ್ತಿದ್ದೇವೆ’ ಎಂಬ ಉತ್ತರದ ಹಿಂದೆ ಇಡೀ ಸಂಬಳವನ್ನು ನಿಲ್ಲಿಸಿಬಿಡುತ್ತಾರೆ. ಎರಡು ದಿನದ ಗೈರುಹಾಜರಿಯನ್ನು ನಾವೇ ಬರೆದರೆ ಆ ಬಾಗಿಲು ಮುಚ್ಚುತ್ತದೆ. ಜೊತೆಗೆ, ಓದುವವರಿಗೆ ಉಳಿದ ಲೆಕ್ಕದ ಮೇಲೂ ನಂಬಿಕೆ ಬರುತ್ತದೆ.

ಓವರ್‌ಟೈಮನ್ನು ಈ ಪತ್ರದಿಂದ ಹೊರಗಿಟ್ಟದ್ದೂ ಇದೇ ಕಾರಣಕ್ಕೆ. ಜೂನ್‌ನಲ್ಲಿ ಅವರು ಹಲವು ದಿನ ಶಿಫ್ಟ್ ಮುಗಿದ ಮೇಲೂ ನಿಂತು ದುಡಿದಿದ್ದರು, ಅದರ ದುಡ್ಡು ಬರಬೇಕು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಎಷ್ಟು ಗಂಟೆ ಎಂಬುದಕ್ಕೆ ಅವರ ನೆನಪು ಬಿಟ್ಟರೆ ಬೇರೆ ದಾಖಲೆ ಕೈಯಲ್ಲಿರಲಿಲ್ಲ. ಗಟ್ಟಿ ಬಾಕಿಯನ್ನೂ ತಕರಾರಿನ ಬಾಕಿಯನ್ನೂ ಒಂದೇ ಹಾಳೆಯಲ್ಲಿ ಬೆರೆಸಿದರೆ ಎರಡೂ ತಕರಾರಿನದೇ ಆಗಿಬಿಡುತ್ತವೆ. ಅದಕ್ಕೆ ಬೇರೆ ಪತ್ರ ಎಂದು ನಿರ್ಧರಿಸಿದೆವು. ಹುಳದ ಊಟಕ್ಕೂ ಬೇರೆ. ತಾಯಿಯ ಕಾಯಿಲೆಯ ವಿಷಯ ಪೂರ್ತಿ ತೆಗೆಯಲು ಅವರಿಗೆ ಮನಸ್ಸಿರಲಿಲ್ಲ, ಒಂದು ಸಾಲು ಉಳಿಸಿದೆವು.

ಫೋನಿನ ಟೋಕನ್

ಹಾಜರಿಗೆ ಸಾಕ್ಷಿ ಏನು? ಗೋದಾಮಿನ ಒಳಗೆ ಫೋನ್ ಬಿಡುವುದಿಲ್ಲ, ಹಾಗಾಗಿ ಪಂಚಿಂಗ್ ಯಂತ್ರದ ಪರದೆಯ ಫೋಟೋ ಇಲ್ಲ. ಹಾಜರಿ ಪುಸ್ತಕ ಸೂಪರ್‌ವೈಸರ್ ಹತ್ತಿರ. ಬಹಳ ಜನ ಇಲ್ಲಿಗೇ ಕೈಚೆಲ್ಲುತ್ತಾರೆ. ಆದರೆ ಫೋನ್ ಒಳಗೆ ಬಿಡದಿರುವ ನಿಯಮವೇ ಒಂದು ದಾಖಲೆ ಹುಟ್ಟಿಸುತ್ತದೆ. ಗೇಟಿನಲ್ಲಿ ಸೆಕ್ಯೂರಿಟಿಯವರು ಫೋನ್ ಇಸಿದುಕೊಂಡು ಟೋಕನ್ ಕೊಡುತ್ತಾರೆ, ರಿಜಿಸ್ಟರಿನಲ್ಲಿ ಹೆಸರು, ಟೋಕನ್ ನಂಬರ್, ಕೊಟ್ಟ ಹೊತ್ತು, ವಾಪಸ್ ಪಡೆದ ಹೊತ್ತು ಬರೆದು ಸಹಿ ಹಾಕಿಸುತ್ತಾರೆ. ಬಂದದ್ದು ಎಷ್ಟಕ್ಕೆ, ಹೋದದ್ದು ಎಷ್ಟಕ್ಕೆ ಎಂಬುದು ಅವರದೇ ಸಹಿಯೊಂದಿಗೆ ಅಲ್ಲಿದೆ. ಇನ್ನೊಂದು ಸ್ಕ್ಯಾನರ್. ಪ್ರತಿ ಪಿಕ್ಕರ್ ತನ್ನ ಐಡಿ ಹಾಕಿ ಅದನ್ನು ತೆರೆಯಬೇಕು; ಯಾವ ರ‍್ಯಾಕಿನಿಂದ ಯಾವ ಹೊತ್ತಿಗೆ ಯಾವ ಮಾಲು ಎತ್ತಿದ ಎಂಬುದು ಗೋದಾಮಿನ ಸಾಫ್ಟ್‌ವೇರಿನಲ್ಲಿ ಉಳಿಯುತ್ತದೆ.

ಈ ಎರಡೂ ದಾಖಲೆ ಕಾಂಟ್ರ್ಯಾಕ್ಟರ್ ಕೈಯಲ್ಲಿಲ್ಲ, ಮುಖ್ಯ ಮಾಲೀಕರ ಕೈಯಲ್ಲಿವೆ. ಕಾರ್ಮಿಕ ಅವನ್ನು ತಂದುಕೊಡಬೇಕಾಗಿಲ್ಲ. ಅವು ಇವೆ ಎಂದು ತನಗೆ ಗೊತ್ತಿದೆ, ಅವನ್ನು ಅಳಿಸದೆ ಇಡಿ ಎಂದು ಬರೆದರೆ ಸಾಕು. ‘ಈತ ಕೆಲಸಕ್ಕೇ ಬಂದಿಲ್ಲ’ ಎಂದು ಹೇಳಹೊರಟವರು ಆ ಸಾಲು ಓದಿದ ಮೇಲೆ ಸ್ವಲ್ಪ ಯೋಚಿಸುತ್ತಾರೆ.

ಕೊನೆಗೆ ಹೋದ ಪತ್ರ ಇದು. ಕಾನೂನಿನ ಹೆಸರು ಎರಡೇ ಕಡೆ ಬರುವಂತೆ ನೋಡಿಕೊಂಡೆ. ಕಲಮುಗಳನ್ನು ತುಂಬಿಸಿದ ಪತ್ರವನ್ನು ಎಚ್‌ಆರ್‌ನವರು ಲೀಗಲ್ ವಿಭಾಗಕ್ಕೆ ದಾಟಿಸಿ ಕೈತೊಳೆದುಕೊಳ್ಳುತ್ತಾರೆ.

ದಿನಾಂಕ: 10-07-2024

ಇವರಿಗೆ,
ಎಚ್‌ಆರ್ ಮ್ಯಾನೇಜರ್,
(ಕಾಂಟ್ರ್ಯಾಕ್ಟರ್ ಸಂಸ್ಥೆಯ ಹೆಸರು, ನೋಂದಾಯಿತ ವಿಳಾಸ)

ಪ್ರತಿ: ಎಚ್‌ಆರ್ ಮುಖ್ಯಸ್ಥರು, (ಲಾಜಿಸ್ಟಿಕ್ಸ್ ಕಂಪನಿಯ ಹೆಸರು, ವಿಳಾಸ), ಪ್ರಿನ್ಸಿಪಲ್ ಎಂಪ್ಲಾಯರ್

ವಿಷಯ: 2024ರ ಏಪ್ರಿಲ್, ಮೇ, ಜೂನ್ ತಿಂಗಳ ಬಾಕಿ ಸಂಬಳ ₹44,407 ಪಾವತಿಸುವ ಬಗ್ಗೆ

ಮಾನ್ಯರೇ,

ನಾನು ನಿಮ್ಮ ಸಂಸ್ಥೆಯ ಮೂಲಕ ಮೇಲಿನ ಲಾಜಿಸ್ಟಿಕ್ಸ್ ಕಂಪನಿಯ ಗೋದಾಮಿನಲ್ಲಿ ಪಿಕ್ಕರ್ ಆಗಿ ಕೆಲಸ ಮಾಡುತ್ತಿದ್ದೇನೆ. ನನ್ನ ನೌಕರ ಸಂಖ್ಯೆ ಮತ್ತು ಯುಎಎನ್ ಈ ಪತ್ರದ ಕೊನೆಯಲ್ಲಿವೆ. ಇಂದಿಗೂ ನಾನು ಎಂದಿನಂತೆ ಕೆಲಸಕ್ಕೆ ಬರುತ್ತಿದ್ದೇನೆ, ಕೆಲಸ ಬಿಟ್ಟಿಲ್ಲ.

2024ರ ಏಪ್ರಿಲ್, ಮೇ, ಜೂನ್ ತಿಂಗಳ ಸಂಬಳ ನನಗೆ ಬಂದಿಲ್ಲ. ಇವು ಕ್ರಮವಾಗಿ ಮೇ 7, ಜೂನ್ 7 ಮತ್ತು ಜುಲೈ 7ರೊಳಗೆ ಬರಬೇಕಿತ್ತು. ಮೇ ತಿಂಗಳಲ್ಲಿ ನಾನು ಎರಡು ದಿನ ಗೈರುಹಾಜರಾಗಿದ್ದೆ. ಅದನ್ನು ಕಳೆದು, ಪಿಎಫ್ ಮತ್ತು ಇಎಸ್‌ಐ ಮುರಿದ ಮೇಲೆ ನನ್ನ ಬ್ಯಾಂಕ್ ಖಾತೆಗೆ ಬರಬೇಕಾದ ಮೊತ್ತ: ಏಪ್ರಿಲ್ ₹15,192, ಮೇ ₹14,023, ಜೂನ್ ₹15,192. ಒಟ್ಟು ₹44,407. ಈ ಲೆಕ್ಕದಲ್ಲಿ ತಪ್ಪಿದೆ ಎನಿಸಿದರೆ ಯಾವ ತಿಂಗಳು, ಎಷ್ಟು ಎಂದು ಬರಹದಲ್ಲಿ ತಿಳಿಸಿ. ತಕರಾರಿಲ್ಲದ ಮೊತ್ತವನ್ನು ಅದಕ್ಕಾಗಿ ತಡೆಯಬೇಡಿ.

ಏಪ್ರಿಲ್ ತಿಂಗಳ ಪಿಎಫ್ ವಂತಿಗೆ ನನ್ನ ಖಾತೆಗೆ ಜಮೆಯಾಗಿದೆ. ಮೇ ತಿಂಗಳದ್ದು ಇಂದಿನವರೆಗೆ ಆಗಿಲ್ಲ.

ಬಿಲ್ ಪಾಸಾಗಿಲ್ಲ ಎಂದು ಬಾಯಿಮಾತಿನಲ್ಲಿ ತಿಳಿಸಿದ್ದೀರಿ. ವೇತನ ಪಾವತಿ ಕಾಯ್ದೆ 1936ರ ಪ್ರಕಾರ ಸಂಬಳದ ಗಡುವು ಬಿಲ್ ಪಾವತಿಯನ್ನು ಅವಲಂಬಿಸಿಲ್ಲ. ನೀವು ಪಾವತಿಸದಿದ್ದಲ್ಲಿ ಗುತ್ತಿಗೆ ಕಾರ್ಮಿಕ ಕಾಯ್ದೆ 1970ರ 21(4)ನೇ ಕಲಂ ಪ್ರಕಾರ ಪ್ರಿನ್ಸಿಪಲ್ ಎಂಪ್ಲಾಯರ್ ಬಾಕಿಯನ್ನು ಕೊಟ್ಟು ನಿಮ್ಮಿಂದ ವಸೂಲಿ ಮಾಡಿಕೊಳ್ಳಬಹುದು. ಈ ಪತ್ರದ ಪ್ರತಿಯನ್ನು ಅವರಿಗೆ ಕಳಿಸಿರುವುದು ಅದಕ್ಕಾಗಿಯೇ.

ಈ ಮೂರು ತಿಂಗಳ ಪಂಚಿಂಗ್ ಹಾಜರಿ, ಗೇಟಿನ ಫೋನ್ ಟೋಕನ್ ರಿಜಿಸ್ಟರ್ ಮತ್ತು ನನ್ನ ಐಡಿಯ ಸ್ಕ್ಯಾನರ್ ದಾಖಲೆಗಳನ್ನು ಕಾಯ್ದಿಡಬೇಕೆಂದು ಎರಡೂ ಸಂಸ್ಥೆಗಳನ್ನು ಕೋರುತ್ತೇನೆ.

ಊರಿನಲ್ಲಿ ತಾಯಿಗೆ ಚಿಕಿತ್ಸೆ ನಡೆಯುತ್ತಿದ್ದು ಸಾಲ ಮಾಡಿ ದಿನ ದೂಡುತ್ತಿದ್ದೇನೆ. ಈ ಪತ್ರ ತಲುಪಿದ ಏಳು ದಿನದೊಳಗೆ ಪೂರ್ತಿ ಮೊತ್ತವನ್ನು ನನ್ನ ಬ್ಯಾಂಕ್ ಖಾತೆಗೆ ಹಾಕಿ, ಮೂರು ತಿಂಗಳ ಪೇ ಸ್ಲಿಪ್ ಕೊಡಬೇಕು. ಇಲ್ಲವಾದಲ್ಲಿ ಕಾರ್ಮಿಕ ಇಲಾಖೆಗೆ ಅರ್ಜಿ ಸಲ್ಲಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
(ಸಹಿ, ಹೆಸರು, ನೌಕರ ಸಂಖ್ಯೆ, ಯುಎಎನ್, ಮೊಬೈಲ್)

ಲಗತ್ತು: ಮಾರ್ಚ್ ಪೇ ಸ್ಲಿಪ್, ಬ್ಯಾಂಕ್ ಸ್ಟೇಟ್‌ಮೆಂಟ್, ಪಿಎಫ್ ಪಾಸ್‌ಬುಕ್ ಪುಟ

‘ಕೆಲಸ ಬಿಟ್ಟಿಲ್ಲ’ ಎಂಬ ಮಾತನ್ನು ಮೊದಲ ಪ್ಯಾರಾದಲ್ಲೇ ಹಾಕಿದ್ದಕ್ಕೆ ಕಾರಣವಿದೆ. ಸಂಬಳ ಬಾರದಿದ್ದಾಗ ಬೇಸತ್ತು ನಾಲ್ಕು ದಿನ ಹೋಗದಿದ್ದರೆ, ‘ತಾನಾಗಿಯೇ ಬಿಟ್ಟು ಹೋದ, ನೋಟಿಸ್ ಪೀರಿಯಡ್ ಮುರಿದುಕೊಳ್ಳುತ್ತೇವೆ’ ಎಂದು ಬಾಕಿಯಲ್ಲೇ ಕತ್ತರಿಸುತ್ತಾರೆ. ಜೂನ್ ಪಿಎಫ್ ಬಗ್ಗೆ ಪತ್ರದಲ್ಲಿ ಏನೂ ಹೇಳದಿರುವುದನ್ನು ಗಮನಿಸಿ. ವಂತಿಗೆ ಕಟ್ಟಲು ಮರುತಿಂಗಳ 15ರವರೆಗೆ ಸಮಯವಿದೆ, ಪತ್ರ ಬರೆದದ್ದು ಜುಲೈ 10ಕ್ಕೆ. ಆಗದ ತಪ್ಪನ್ನು ದೂರಿದರೆ ಆದ ತಪ್ಪೂ ಹಗುರವಾಗುತ್ತದೆ.

ಎರಡೂ ಪ್ರತಿ ರಿಜಿಸ್ಟರ್ಡ್ ಪೋಸ್ಟಿನಲ್ಲಿ, ಸ್ವೀಕೃತಿ ಕಾರ್ಡಿನೊಂದಿಗೆ ಹೋದವು. ಅದೇ ದಿನ ಸಹಿ ಮಾಡಿದ ಪತ್ರದ ಸ್ಕ್ಯಾನನ್ನು ಇಮೇಲಿನಲ್ಲೂ ಕಳಿಸಿದೆವು. ಇವರು ಇದಕ್ಕೂ ಮೊದಲು ಎರಡು ಸಲ ಚೀಟಿ ಬರೆದು ಸೂಪರ್‌ವೈಸರ್ ಕೈಗೆ ಕೊಟ್ಟಿದ್ದರು. ಅವು ಏನಾದವೋ ದೇವರಿಗೇ ಗೊತ್ತು. ಕೈಗೆ ಕೊಡುವುದಾದರೆ ಇನ್ನೊಂದು ಪ್ರತಿಯ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಬೇಕು. ಹಾಕಲು ಒಪ್ಪದಿದ್ದರೆ ಅಂಚೆಯೇ ಗತಿ.

ಮುಂದೆ ನಡೆದದ್ದು

ಜುಲೈ 12ಕ್ಕೆ ಪತ್ರ ತಲುಪಿತು. ಅವತ್ತೇ ಸಂಜೆ ಕಾಂಟ್ರ್ಯಾಕ್ಟರ್ ಕಡೆಯ ಮೇಡಂ ಫೋನ್ ಮಾಡಿದರು. ಸಂಬಳದ ಬಗ್ಗೆ ಒಂದು ಮಾತೂ ಇಲ್ಲ. ‘ನಮಗೆ ಹೇಳಿದ್ರೆ ಆಗ್ತಿರಲಿಲ್ವಾ? ಕಂಪನಿಗೆ ಯಾಕಪ್ಪ ಲೆಟರ್ ಹಾಕಿದ್ದು?’ ನೋವಾದದ್ದು ಪ್ರತಿಯಿಂದ ಎಂಬುದು ಇದರಿಂದಲೇ ತಿಳಿಯಿತು. ಏನು ಉತ್ತರ ಹೇಳಲಿ ಎಂದು ನಮ್ಮವರು ಕೇಳಿದಾಗ, ‘ಬರಹದಲ್ಲಿ ಕೊಡಿ ಮೇಡಂ ಅನ್ನಿ, ಅಷ್ಟು ಸಾಕು’ ಎಂದೆ.

ಲಾಜಿಸ್ಟಿಕ್ಸ್ ಕಂಪನಿಯ ಎಚ್‌ಆರ್‌ನವರು ಕಾಂಟ್ರ್ಯಾಕ್ಟರ್‌ನನ್ನು ಕರೆಸಿ ಕೂರಿಸಿಕೊಂಡರಂತೆ. ಜುಲೈ 18ಕ್ಕೆ ಏಪ್ರಿಲ್ ಮತ್ತು ಮೇ ಸಂಬಳ ಬಂತು, ಇವರಿಗೆ ಮಾತ್ರವಲ್ಲ, ಆ ಕಾಂಟ್ರ್ಯಾಕ್ಟರ್ ಕೆಳಗೆ ಆ ಗೋದಾಮಿನಲ್ಲಿದ್ದ ಎಲ್ಲರಿಗೂ. ಪತ್ರಕ್ಕೆ ಸಹಿ ಹಾಕಲು ಹೆದರಿದ್ದ ರೂಮಿನವರು ಅವತ್ತು ಇವರಿಗೆ ಬಿರಿಯಾನಿ ಕೊಡಿಸಿದರು.

ಆದರೆ ಮೇ ತಿಂಗಳದ್ದು ₹14,023 ಬರುವ ಬದಲು ₹12,873 ಬಂದಿತ್ತು. ಒಡೆದ ಒಂದು ಕಾರ್ಟನ್‌ಗೆಂದು ₹1,150 ಮುರಿದಿದ್ದರು. ಇಂಥ ಕಡಿತಕ್ಕೆ ಕಾಯ್ದೆಯಲ್ಲಿ ಅವಕಾಶವಿದೆ, ಆದರೆ ನಷ್ಟ ಕಾರ್ಮಿಕನ ನಿರ್ಲಕ್ಷ್ಯದಿಂದಲೇ ಆಗಿರಬೇಕು, ಮುರಿಯುವ ಮೊದಲು ವಿವರಣೆ ಕೊಡಲು ಅವನಿಗೆ ಅವಕಾಶ ಕೊಟ್ಟಿರಬೇಕು. ಇವರಿಗೆ ಯಾರೂ ಏನೂ ಕೇಳಿರಲಿಲ್ಲ. ಜೂನ್ ಸಂಬಳಕ್ಕೆ ಬೇರೆಯೇ ಷರತ್ತು ಬಂತು. ರಾಜೀನಾಮೆ ಬರೆದುಕೊಟ್ಟರೆ ಕೆಲಸ ಬಿಡುವಾಗಿನ ಕೊನೆಯ ಲೆಕ್ಕವಾದ ಫುಲ್ ಅಂಡ್ ಫೈನಲ್‌ನಲ್ಲಿ ಸೇರಿಸಿ ಕೊಡುತ್ತೇವೆ ಎಂದು ಒಂದು ಅಚ್ಚಾದ ಫಾರಂ ಮುಂದಿಟ್ಟರು. ಅದರಲ್ಲಿ ಮೊತ್ತದ ಜಾಗ ಖಾಲಿ, ‘ನನಗೆ ಯಾವುದೇ ಬಾಕಿ ಇರುವುದಿಲ್ಲ’ ಎಂಬ ಸಾಲು ಮಾತ್ರ ದಪ್ಪಕ್ಷರದಲ್ಲಿ. ನಮ್ಮವರು ಓದಿ ಹೇಳುತ್ತೇನೆಂದು ಎದ್ದು ಬಂದರು. ದುಡ್ಡಿನ ಕಷ್ಟದಲ್ಲಿರುವವರಿಗೆ ಹಾಗೆ ಎದ್ದು ಬರುವುದು ಸುಲಭವಲ್ಲ. ಎರಡು ತಿಂಗಳ ಸಂಬಳ ಅಷ್ಟರಲ್ಲಿ ಕೈಗೆ ಬಂದಿದ್ದರಿಂದಲೇ ಅದು ಸಾಧ್ಯವಾಯಿತು.

ಆಗಸ್ಟ್ 5ಕ್ಕೆ ವೇತನ ಪಾವತಿ ಕಾಯ್ದೆಯಡಿಯ ಪ್ರಾಧಿಕಾರದ ಮುಂದೆ ಅರ್ಜಿ ಹಾಕಿದೆವು: ಜೂನ್ ಸಂಬಳ ₹15,192, ಮೇ ತಿಂಗಳ ಕಡಿತ ₹1,150, ಒಟ್ಟು ₹16,342. ಕಾಂಟ್ರ್ಯಾಕ್ಟರ್ ಮತ್ತು ಲಾಜಿಸ್ಟಿಕ್ಸ್ ಕಂಪನಿ ಇಬ್ಬರನ್ನೂ ಎದುರುದಾರರನ್ನಾಗಿ ಮಾಡಿದ್ದೆವು. ತಡವಾದ ಸಂಬಳಕ್ಕಿಂತ ತಪ್ಪಾದ ಕಡಿತದ ಬಗ್ಗೆ ಆ ಕಾಯ್ದೆ ಖಾರವಾಗಿತ್ತು. ಮುರಿದ ಮೊತ್ತದ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸಬಹುದಿತ್ತು. ಹಾಗಾಗಿ ₹1,150 ನೋಡಲು ಚಿಕ್ಕದಾದರೂ ಎದುರಿನವರಿಗೆ ಭಾರವಾಗಿದ್ದು ಅದೇ.

ಮೊದಲ ವಿಚಾರಣೆಗೆ ಕಾಂಟ್ರ್ಯಾಕ್ಟರ್ ಕಡೆಯ ಹುಡುಗನೊಬ್ಬ ಬಂದು ಸಮಯ ಕೇಳಿಕೊಂಡು ಹೋದ. ಸೆಪ್ಟೆಂಬರ್‌ನಲ್ಲಿ ನಡೆದ ಎರಡನೆಯದಕ್ಕೆ ಲಾಜಿಸ್ಟಿಕ್ಸ್ ಕಂಪನಿಯವರು ಬಂದರು. ಹಾಜರಿಯ ಬಗ್ಗೆ ಅವರು ಚಕಾರವೆತ್ತಲಿಲ್ಲ. ಪೂರ್ತಿ ₹16,342 ತಾವೇ ಹಾಕಿ ಕಾಂಟ್ರ್ಯಾಕ್ಟರ್ ಬಿಲ್ಲಿನಲ್ಲಿ ಮುರಿದುಕೊಳ್ಳುತ್ತೇವೆ ಎಂದರು, ಅದೇ ವಾರ ಹಾಕಿದರು. ಪರಿಹಾರಕ್ಕಾಗಿ ಮುಂದುವರಿಯಬಹುದಿತ್ತು. ವಿಚಾರಣೆಗೆ ಬರುವ ದಿನ ಸಂಬಳ ಹೋಗುತ್ತದೆ, ಸಾಕು ಎಂದು ಇವರು ಮೆಮೋ ಕೊಟ್ಟು ಅರ್ಜಿ ಮುಗಿಸಿದರು. ನನಗೆ ಅದು ಸರಿಯೆನಿಸಲಿಲ್ಲ, ಆದರೆ ದಿನಗೂಲಿ ಕಳೆದುಕೊಳ್ಳುವವನು ನಾನಲ್ಲವಲ್ಲ.

ಓವರ್‌ಟೈಮ್ ಪತ್ರ ಅಷ್ಟು ಚೆನ್ನಾಗಿ ಕೆಲಸ ಮಾಡಲಿಲ್ಲ. ಟೋಕನ್ ರಿಜಿಸ್ಟರಿನಲ್ಲಿ ಹೊರಹೋದ ಹೊತ್ತು ಇತ್ತು, ಆದರೆ ಗೇಟಿನಲ್ಲಿ ಕ್ಯೂ ನಿಂತದ್ದು, ಊಟಕ್ಕೆ ಹೋದದ್ದು ಎಲ್ಲವನ್ನೂ ಕಾಂಟ್ರ್ಯಾಕ್ಟರ್ ಕಳೆದು ಲೆಕ್ಕ ಕೊಟ್ಟ. ಕೇಳಿದ್ದರಲ್ಲಿ ಅರ್ಧಕ್ಕಿಂತ ಕಡಿಮೆಗೆ ಮುಗಿಯಿತು. ಅಕ್ಟೋಬರ್‌ನಲ್ಲಿ ಆ ಗೋದಾಮಿಗೆ ಹೊಸ ವೆಂಡರ್ ಬಂದ. ಹಳೆಯ ಆಳುಗಳಲ್ಲಿ ಹೆಚ್ಚಿನವರನ್ನು ಉಳಿಸಿಕೊಂಡ ಪಟ್ಟಿಯಲ್ಲಿ ಇವರ ಹೆಸರಿರಲಿಲ್ಲ. ಪತ್ರ ಬರೆದದ್ದಕ್ಕೇ ಬಿಟ್ಟರು ಎಂದು ಸಾಬೀತು ಮಾಡಲು ನಮ್ಮ ಬಳಿ ಏನೂ ಇರಲಿಲ್ಲ. ಅವರು ದಾಬಸ್‌ಪೇಟೆಯ ಇನ್ನೊಂದು ಗೋದಾಮಿಗೆ ಸೇರಿಕೊಂಡರು.

ಇದೇ ಪತ್ರವನ್ನು ಈಗ ಬರೆಯುವವರು ಕಾಯ್ದೆಗಳ ಹೆಸರು ಬದಲಿಸಬೇಕು. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಮೇಲಿನ ಎರಡು ಕಾಯ್ದೆಗಳ ಜಾಗದಲ್ಲಿ ಈಗ 2019ರ ವೇತನ ಸಂಹಿತೆ ಮತ್ತು 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ ಇವೆ. ತಿಂಗಳ ಸಂಬಳಕ್ಕೆ ಮರುತಿಂಗಳ ಏಳನೇ ತಾರೀಖಿನ ಗಡುವು ಹಾಗೆಯೇ ಉಳಿದಿದೆ. ಕಾಂಟ್ರ್ಯಾಕ್ಟರ್ ಕೊಡದಿದ್ದರೆ ಮುಖ್ಯ ಮಾಲೀಕರು ಕೊಡಬೇಕೆಂಬುದು ಎರಡನೇ ಸಂಹಿತೆಯ 55ನೇ ಕಲಮಿನಲ್ಲಿದೆ. ಆದರೆ ಗುತ್ತಿಗೆ ಕಾರ್ಮಿಕರ ಆ ಭಾಗ ಮೊದಲು ಇಪ್ಪತ್ತು ಜನರಿದ್ದರೆ ಅನ್ವಯಿಸುತ್ತಿತ್ತು, ಈಗ ಐವತ್ತು ಜನ ಬೇಕು. ಸಣ್ಣ ಗೋದಾಮಿನವರು ಅದನ್ನು ಮೊದಲೇ ನೋಡಿಕೊಳ್ಳಬೇಕು. ತಿಂಗಳಿಗೆ ₹24,000ಕ್ಕಿಂತ ಹೆಚ್ಚು ಸಂಬಳದವರು ಹಳೆಯ ವೇತನ ಪಾವತಿ ಕಾಯ್ದೆಯ ಹೊರಗಿದ್ದರು, ಆ ಮಿತಿ ಈಗಿಲ್ಲ. ಅರ್ಜಿ ಹಾಕಲು ಇದ್ದ ಹನ್ನೆರಡು ತಿಂಗಳ ಅವಧಿ ಮೂರು ವರ್ಷವಾಗಿದೆ. ಸಂಬಳ ಕೊಟ್ಟಿದ್ದೇವೆ ಎಂದು ರುಜುವಾತು ಮಾಡುವ ಭಾರ ಮಾಲೀಕರದ್ದು ಎಂದು ವೇತನ ಸಂಹಿತೆಯ 59ನೇ ಕಲಂ ನೇರವಾಗಿಯೇ ಹೇಳುತ್ತದೆ. ಇನ್ನು ಅಂಚೆ ಕಚೇರಿಯಲ್ಲಿ ರಿಜಿಸ್ಟರ್ಡ್ ಪೋಸ್ಟ್ ಎಂದು ಕೇಳಿದರೆ ಸ್ಪೀಡ್ ಪೋಸ್ಟಿಗೆ ಕಳಿಸುತ್ತಾರೆ. 2025ರಲ್ಲಿ ಎರಡನ್ನೂ ಒಂದು ಮಾಡಿದ್ದಾರೆ. ತಲುಪಿದ್ದಕ್ಕೆ ದಾಖಲೆ ಬೇಕು ಎಂದು ಕೌಂಟರಿನಲ್ಲೇ ಹೇಳಿ.